ದೋಣಿ ಮಗುಚಿದ್ದನ್ನು ಯಾವ ಕಾಲದಲ್ಲಿ ಬರೆಯುವುದು

ದೋಣಿ ಮಗುಚಿದ ವಾರವೇ ಸಂಪಾದಕರು ನನ್ನನ್ನು ಮೇಜಿನ ಬಳಿ ಕರೆದು, ಅದನ್ನು ನಾನೇ ಬರೆಯಬೇಕು ಎಂದರು. ನನ್ನ ಮೈಯಿಂದ ಆಗಿನ್ನೂ ಹೊಳೆಯ ಕೆಸರಿನ ವಾಸನೆ ಹೋಗಿರಲಿಲ್ಲ. ಬಲಗಿವಿಯಲ್ಲಿ ನೀರು ನಿಂತು, ಅವರ ಮಾತು ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

ನಮ್ಮದು ಫಳ್ನೀರಿನ ಒಂದು ಓಣಿಯಲ್ಲಿದ್ದ ಚಿಕ್ಕ ಮಾಸಪತ್ರಿಕೆ. ಮುಂದಿನ ಕೋಣೆಯಲ್ಲಿ ಕಚೇರಿ, ಹಿಂದಿನ ಕೋಣೆಯಲ್ಲಿ ಅಚ್ಚುಕೂಟ, ನಡುವೆ ಕದವಿಲ್ಲದ ಬಾಗಿಲು. ಮದರಾಸಿನಲ್ಲಿ ತತ್ತ್ವಶಾಸ್ತ್ರ ಓದಿ ಬಂದು ಅಲ್ಲಿ ಉಪಸಂಪಾದಕನಾಗಿದ್ದೆ. ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು ಇದು. ಪೇಟೆಯಿಂದ ಹೊಳೆಯಾಚೆಯ ಉಳ್ಳಾಲಕ್ಕೆ ಹೋಗಬೇಕಾದರೆ ನೇತ್ರಾವತಿಯನ್ನು ಕಡವಿನ ದೋಣಿಯಲ್ಲೇ ದಾಟಬೇಕಾಗಿತ್ತು. ಪತ್ರಿಕೆಯ ಕೆಲಸದ ಮೇಲೆ ಅಲ್ಲಿಗೆ ಹೋದವನು ಸಂಜೆ ಮರಳುವಾಗ, ನಾನಿದ್ದ ದೋಣಿ ನಡುಹೊಳೆಯಲ್ಲಿ ಮಗುಚಿತು. ಹತ್ತಿರದಲ್ಲಿದ್ದ ಮೀನಿನ ದೋಣಿಗಳವರು ನಮ್ಮನ್ನು ಎಳೆದು ಹಾಕಿಕೊಂಡರು. ಬಟ್ಟೆ ಮಾರುವ ಒಬ್ಬ ಮುದುಕರು ಮಾತ್ರ ಸಿಗಲಿಲ್ಲ. ಮರುದಿನ ಹೊಳೆ ಕಡಲು ಸೇರುವ ಅಳಿವೆಯ ಬಳಿ ಅವರ ದೇಹ ಸಿಕ್ಕಿತು.

ದೋಣಿ ನಡೆಸುತ್ತಿದ್ದವರು ಉಳ್ಳಾಲದ ಒಬ್ಬ ಬ್ಯಾರಿ ಮುಸಲ್ಮಾನರು, ನಡುವಯಸ್ಸಿನವರು. ಸರಕಾರಿ ಕಚೇರಿಯವರು ಅವರ ಪರವಾನಿಗೆಯನ್ನು ತಡೆಹಿಡಿದು, ದೋಣಿಯನ್ನು ಮರಳಿನ ಮೇಲೆ ಎಳೆಸಿ, ವಿಚಾರಣೆ ಇಟ್ಟಿದ್ದರು. ವಿಚಾರಣೆಯಲ್ಲಿ ತಪ್ಪು ಅವರದೆಂದಾದರೆ ಮತ್ತೆ ಆ ಹೊಳೆಯಲ್ಲಿ ದೋಣಿ ಹಾಕುವಂತಿರಲಿಲ್ಲ. ಊರಿನಲ್ಲೆಲ್ಲ ಒಂದೇ ಮಾತು: ಸೆಳೆತ ಇದ್ದ ಕಡೆ ಅವನು ದೋಣಿ ನೂಕುವ ಗಳ ಬಿಟ್ಟ, ದೋಣಿ ಅಡ್ಡ ತಿರುಗಿತು, ಮಗುಚಿತು. ನಾನೂ ಹಾಗೆಂದೇ ತಿಳಿದಿದ್ದೆ. ತಿಳಿದಿದ್ದೆ ಎಂದರೆ ಸಾಲದು, ಕಣ್ಣು ಮುಚ್ಚಿದರೆ ಕಾಣುತ್ತಿತ್ತು: ಬಿದಿರ ಗಳ, ಅದನ್ನು ಹಿಡಿದ ಎರಡು ಕೈ, ಬೆರಳು ಬಿಚ್ಚಿಕೊಂಡದ್ದು.

ಮೊದಲ ಕರಡನ್ನು ಎಲ್ಲರೂ ಬರೆಯುವ ಹಾಗೆಯೇ ಬರೆದೆ. ಹತ್ತಿದೆವು, ಕೂತೆವು, ದೋಣಿಯವರು ಗಳ ಬಿಟ್ಟರು, ದೋಣಿ ಮಗುಚಿತು. ಸಂಪಾದಕರು ಅದನ್ನು ನಿಂತೇ ಓದಿ ಮುಗಿಸಿದರು.

“ಎಂತ ಮಾರಾಯ ಇದು? ಮಹಜರಿನ ಹಾಗೆ ಉಂಟಲ್ಲ.”

“ಆದದ್ದು ಹಾಗೇ, ಸಾರ್.”

“ಆದದ್ದು ಹಾಗೇ ಇರಬಹುದು. ಓದುವವನಿಗೆ ನೀನು ಬದುಕಿದ್ದೀ ಅಂತ ಮೊದಲ ಸಾಲಲ್ಲೇ ಗೊತ್ತಾಗ್ತದೆ. ‘ಹತ್ತಿದೆವು’ ಅಂತ ಹೇಳುವವನು ದಡದಲ್ಲಿ ಕಾಲು ಚಾಚಿ ಕೂತಿದ್ದಾನೆ ಅಂತ ಅರ್ಥ. ಮತ್ತೆ ಹೆದರುವುದು ಯಾರು?”

ಅವರ ಮಾತಿನಲ್ಲಿ ಸತ್ಯವಿತ್ತು. ಭೂತಕಾಲದಲ್ಲಿ ಹೇಳುವವನಿಗೆ ಕೊನೆ ಗೊತ್ತಿರುತ್ತದೆ. ಆ ಗೊತ್ತಿರುವಿಕೆ ಪ್ರತಿ ವಾಕ್ಯಕ್ಕೂ ಅಂಟಿಕೊಂಡಿರುತ್ತದೆ. ಅನುಭವದಿಂದ ಏನು ಕಲಿತೆವು ಎಂದು ಹೇಳುವ ಬರಹಕ್ಕೆ ಅದು ಬೇಕು. ಆದರೆ ನೀರಿನೊಳಗಿದ್ದಾಗ ನನಗೆ ಕೊನೆ ಗೊತ್ತಿರಲಿಲ್ಲ. ಹಾಗಿದ್ದರೆ, ಗೊತ್ತಿಲ್ಲದ ಹಾಗೆಯೇ ಬರೆದು ನೋಡೋಣ ಎಂದುಕೊಂಡೆ. ವಾಚನಾಲಯಕ್ಕೆ ಬರುತ್ತಿದ್ದ ಕೆಲವು ಇಂಗ್ಲಿಷ್ ಪತ್ರಿಕೆಗಳಲ್ಲಿ ಇಂಥ ಪ್ರಯೋಗಗಳನ್ನು ನೋಡಿದ್ದೆ. ಕನ್ನಡದಲ್ಲಿ ಒಬ್ಬ ತನ್ನದೇ ಕಥೆಯನ್ನು ಈಗ ನಡೆಯುತ್ತಿದೆ ಎಂಬಂತೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕ್ರಿಯಾಪದಗಳ ಬಾಲ ಕತ್ತರಿಸಿ ಬೇರೆ ಬಾಲ ಹಚ್ಚಿದರೆ ಮುಗಿಯಿತು ಎಂದು ತಿಳಿದಿದ್ದೆ. ಹಾಗಾಗಲಿಲ್ಲ. ‘ದೋಣಿಯವರು ಗಳ ಬಿಡುತ್ತಾರೆ’ ಎಂದು ಬರೆದರೆ, ದಿನಾ ಬಿಡುತ್ತಾರೆ ಎಂಬಂತೆ ಕೇಳುತ್ತದೆ. ನಮ್ಮ ಮಾತಿನಲ್ಲಿ ಈ ರೂಪ ರೂಢಿಯನ್ನೂ ಹೇಳುತ್ತದೆ, ನಾಳೆಯದನ್ನೂ ಹೇಳುತ್ತದೆ. ಅದಕ್ಕೆ ಮುಖ್ಯವಾದ ಕಡೆಗಳಲ್ಲಿ ‘ಬಿಡುತ್ತಿದ್ದಾರೆ’, ‘ವಾಲುತ್ತಿದೆ’ ಎಂದು ಮಾಡಿದೆ. ಆಮೇಲೆ ‘ಆಮೇಲೆ ತಿಳಿಯಿತು’ ಎಂಬಂಥ ಮಾತುಗಳನ್ನೆಲ್ಲ ತೆಗೆಯಬೇಕಾಯಿತು. ಮುದುಕರು ಸತ್ತರು ಎಂಬುದನ್ನೂ ಹೇಳುವಂತಿರಲಿಲ್ಲ. ಆ ಗಳಿಗೆಯಲ್ಲಿ ಅವರು ನನ್ನ ಪಕ್ಕ ಗಂಟು ಅಪ್ಪಿಕೊಂಡು ಕೂತಿದ್ದಾರೆ, ಅಷ್ಟೆ. ವಿವರಣೆ ಉದುರಿತು. ವಾಕ್ಯಗಳು ಗಿಡ್ಡವಾದವು.

‘ಎಡಗೆನ್ನೆಗೆ ಬಿಸಿಲು ಬಡಿಯುತ್ತಿದೆ. ಮುದುಕರು ಗಂಟಿನ ಮೇಲೆ ಗದ್ದ ಊರಿದ್ದಾರೆ. ನೀರು ಇದ್ದಕ್ಕಿದ್ದಂತೆ ಎತ್ತರಕ್ಕೆ ಬಂದಿದೆ. ದೋಣಿಯವರು ಗಳ ಬಿಡುತ್ತಿದ್ದಾರೆ.’

ಸಂಪಾದಕರು ಈ ಸಲ ಕೂತು ಓದಿದರು. “ಇದು!” ಎಂದು ಮೇಜು ಕುಟ್ಟಿದರು. “ನನಗೇ ಉಸಿರು ಕಟ್ಟಿತು. ಈ ಸಂಚಿಕೆಗೇ ಹಾಕುವ. ವಿಚಾರಣೆಗೆ ಮೊದಲು ಹೊರಗೆ ಬರಬೇಕು.”

ಕರಡು ಹಿಂದಿನ ಕೋಣೆಗೆ ಹೋಯಿತು. ನಮ್ಮಲ್ಲಿ ಮೊಳೆ ಜೋಡಿಸುತ್ತಿದ್ದವರು ಒಬ್ಬರೇ, ಜೆಪ್ಪಿನ ಕಡೆಯವರು, ಬಾಯಿ ಸುಮ್ಮನಿರದವರು. ಅಚ್ಚಿನ ಮೊಳೆಗಳ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಒತ್ತಕ್ಷರಗಳಿಗೆ ಬೇರೆಯೇ ಮನೆ, ಅವು ಸಂಖ್ಯೆಯಲ್ಲಿ ಕಡಿಮೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಕೂಗು ಕೇಳಿತು.

“ಮಾರಾಯ್ರೆ, ಬನ್ನಿ ಇಲ್ಲಿ! ತಕಾರದ ಒತ್ತು ಪೂರಾ ತಿಂದು ಹಾಕಿದ್ದೀರಿ. ಬರುತ್ತಿದೆ, ಹೋಗುತ್ತಿದೆ, ನೋಡುತ್ತಿದ್ದೇನೆ. ಇದೆಂತ, ತೂತಾದ ಬಕೆಟಾ, ತ್ತ ತ್ತ ಅಂತ ಸುರೀಲಿಕ್ಕೆ?”

“ಬೇರೆ ಪುಟ ಬಿಚ್ಚಿ ತೆಗೆಯಿರಿ.”

“ಬಿಚ್ಚುವುದು ನಾನಲ್ವಾ! ನಿಮಗೆಂತ, ಹಳೆ ಕಾಲದ ಹಾಗೆ ಹೋದೆ ಬಂದೆ ಅಂತ ಬರೆದರೆ ಕೈ ಸವೀತದಾ?”

ಕೊನೆಗೆ ಜಾಹೀರಾತಿನ ಪುಟವೊಂದನ್ನು ಬಿಚ್ಚಿ ಒತ್ತಕ್ಷರ ಹೊಂದಿಸಿ, ಮೊದಲ ಕರಡಚ್ಚು ತೆಗೆದರು. ಕರಡಚ್ಚು ತಿದ್ದುವ ಕ್ರಮ ನಮ್ಮಲ್ಲಿ ಹೀಗಿತ್ತು: ಒಬ್ಬರು ಮೂಲವನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಮೇಲೆ ಕಣ್ಣಾಡಿಸಬೇಕು. ಒಳಗೆ ಸೆಕೆಯೆಂದು ಜಗಲಿಯಲ್ಲಿ ಕೂತೆವು. ಅವರು ಓದಿದರು, ನಾನು ನೋಡಿದೆ. ದೋಣಿಯವರು ಗಳ ಬಿಡುತ್ತಿದ್ದಾರೆ ಎಂಬಲ್ಲಿಗೆ ಬಂದಾಗ ಅವರು ತಟ್ಟನೆ ನಿಲ್ಲಿಸಿದರು. ಮೆಟ್ಟಿಲ ಕೆಳಗೆ ದೋಣಿಯ ಬ್ಯಾರಿ ನಿಂತಿದ್ದರು. ದೋಣಿಯಲ್ಲಿದ್ದವನೊಬ್ಬ ಪತ್ರಿಕೆಯಲ್ಲಿ ಬರೆಯುತ್ತಿದ್ದಾನೆಂದು ಕೇಳಿ ಹುಡುಕಿಕೊಂಡು ಬಂದದ್ದಂತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಓದಿ,” ಎಂದರು. “ನಿಲ್ಲಿಸಿದ್ದು ಯಾಕೆ? ನಾನು ಬಿಡ್ತಾ ಇದ್ದೇನಲ್ಲ, ಮತ್ತೆ ಎಂತ ಆಗ್ತದೆ?”

ಓದುತ್ತಿದ್ದವರು ಹಾಳೆಯನ್ನು ನನ್ನ ಕಡೆ ಚಾಚಿದರು.

“ನಾನು ಬಿಡಲಿಲ್ಲ ಸ್ವಾಮಿ. ಗಳ ಮುರಿದದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ದೋಣಿ ತಿರುಗಿದ ಮೇಲೆ ಕೈಯಿಂದ ಹೋಯಿತು. ಹಾಗೆ ಬರೀರಿ.”

“ನಾನು ನೋಡಿದ್ದನ್ನು ಬರೆದಿದ್ದೇನೆ, ಸಾಹೇಬ್ರೆ,” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು.

“ನೋಡಿದ್ದಾ?” ಅವರು ನನ್ನ ಮುಖವನ್ನೇ ನೋಡಿದರು. “ಕೋರ್ಟಿನಲ್ಲಿ ಬರೆದ ಹಾಗೆ ಕನ್ನಡದಲ್ಲಿ ಅಚ್ಚು ಹಾಕಿದ ಮೇಲೆ ನನ್ನ ಬಾಯಿಗೆ ಎಂತ ಬೆಲೆ?” ಎಂದು ಹೇಳಿ ಹೋದರು.

ಆ ಮಾತು ಸುಳ್ಳಲ್ಲ. ದೋಣಿಯಲ್ಲಿ ಆ ಸಂಜೆ ಒಬ್ಬರೂ ಕನ್ನಡ ಆಡಿರಲಿಲ್ಲ. ತುಳು, ಬ್ಯಾರಿ, ಸ್ವಲ್ಪ ಕೊಂಕಣಿ. ಮಗುಚುವಾಗ ಜನ ಕೂಗಿದ್ದೂ ಅವೇ ಭಾಷೆಗಳಲ್ಲಿ. ಈ ಊರಿನಲ್ಲಿ ಕನ್ನಡವೆಂದರೆ ಶಾಲೆ, ಕಚೇರಿ, ಅಚ್ಚು. ಕನ್ನಡದಲ್ಲಿ ಬರೆದು ಓದಿ ಹೇಳಿದ್ದು ಹೇಳಿಕೆಯಾಗಿಬಿಡುತ್ತದೆ. ಅದರ ಮೇಲೆ ನಾನು ‘ಈಗ, ಕಣ್ಣೆದುರು’ ಎಂದು ಇನ್ನೊಂದು ಮುದ್ರೆ ಒತ್ತಿದ್ದೆ.

ಸಂಪಾದಕರಿಗೆ ಹೇಳಿದೆ. ಅವರು ಕದಲಲಿಲ್ಲ. “ಅವನು ಬಿಟ್ಟೆ ಅಂತ ಒಪ್ಪಿಕೊಳ್ತಾನಾ? ನೀನು ನೋಡಿದ್ದೀ, ಬರೆದಿದ್ದೀ. ಆದರೆ ಒಂದು ಕೊರತೆ ಉಂಟು. ಎಲ್ಲದಕ್ಕೂ ಕಣ್ಣು ಕಿವಿ ಉಂಟು, ಆ ಒಂದು ವಾಕ್ಯ ಮಾತ್ರ ಬೋಳು. ಗಳ ಬಿಡುವಾಗ ಅವನ ಮುಖ ಹೇಗಿತ್ತು? ಹೆದರಿದ್ದನಾ, ಬೇರೆ ಎಲ್ಲೋ ನೋಡ್ತಿದ್ದನಾ? ಒಂದು ಸಾಲು ಸೇರಿಸು.”

ಒಂದು ಸಾಲು. ಮೇಜಿನ ಮುಂದೆ ಕೂತೆ. ಮುಖ ಬರಲಿಲ್ಲ. ಕೈಗಳು ಬಂದವು, ಗಳ ಬಂತು, ಮುಖದ ಜಾಗದಲ್ಲಿ ಏನೂ ಇಲ್ಲ. ಅಂದು ಬೆಳಗ್ಗೆ ಮೆಟ್ಟಿಲ ಕೆಳಗೆ ನೋಡಿದ ಮುಖವನ್ನು ತಂದು ಇಡಲು ನೋಡಿದೆ, ಕೂರಲಿಲ್ಲ. ಭೂತಕಾಲದ ಕರಡಿನಲ್ಲಿ ಈ ತೊಂದರೆ ಎದ್ದಿರಲಿಲ್ಲ. ‘ಗಳ ಬಿಟ್ಟರು’ ಎಂದು ಹೇಳಲು ನಾನು ಎಲ್ಲಿದ್ದೆ ಎಂಬುದು ಬೇಕಿಲ್ಲ. ಊರಿಗೆ ಗೊತ್ತಿರುವುದೂ ನನಗೆ ಗೊತ್ತಿರುವುದೂ ಒಂದೇ ವಾಕ್ಯದಲ್ಲಿ ಕಲೆತುಹೋಗುತ್ತವೆ. ವರ್ತಮಾನದಲ್ಲಿ ಹಾಗಲ್ಲ. ಈ ಗಳಿಗೆಯಲ್ಲಿ ನನ್ನ ಕಣ್ಣಿಗೆ ಬೀಳದ್ದು ಅಲ್ಲಿ ಇರುವಂತಿಲ್ಲ. ಪ್ರತಿ ವಾಕ್ಯವೂ ಕೇಳುತ್ತದೆ: ನೀನು ಎಲ್ಲಿ ಕೂತಿದ್ದೀ, ಯಾವ ಕಡೆ ನೋಡುತ್ತಿದ್ದೀ?

ನನ್ನದೇ ಕರಡನ್ನು ಮತ್ತೆ ಓದಿದೆ. ‘ಎಡಗೆನ್ನೆಗೆ ಬಿಸಿಲು ಬಡಿಯುತ್ತಿದೆ.’ ಅದರಲ್ಲಿ ಅನುಮಾನವಿರಲಿಲ್ಲ. ಆ ಉರಿ ಚರ್ಮಕ್ಕೇ ನೆನಪಿತ್ತು. ಸಂಜೆಯ ಸೂರ್ಯ ಕಡಲ ಕಡೆ. ಉಳ್ಳಾಲದಿಂದ ಪೇಟೆಗೆ ಬರುವಾಗ ಕಡಲು ಎಡಕ್ಕೆ. ಎಡಗೆನ್ನೆಗೆ ಬಿಸಿಲಿದ್ದರೆ ನನ್ನ ಮುಖ ಪೇಟೆಯ ದಡಕ್ಕೆ ಇತ್ತು. ಗಳ ಹಾಕುವವರು ನಿಲ್ಲುವುದು ದೋಣಿಯ ಹಿಂದಿನ ತುದಿಯಲ್ಲಿ.

ಅಂದರೆ ನನ್ನ ಬೆನ್ನ ಹಿಂದೆ.

ಮರುದಿನ ಕಡವಿಗೆ ಹೋಗಿ, ಬದಲಿಗೆ ಓಡುತ್ತಿದ್ದ ಇನ್ನೊಂದು ದೋಣಿಯಲ್ಲಿ ಉಳ್ಳಾಲಕ್ಕೆ ದಾಟಿದೆ. ಹಿಡಿಯಲು ಏನಾದರೂ ಬೇಕೆಂದು ಪಕ್ಕದವರ ಬುಟ್ಟಿಯನ್ನೇ ಹಿಡಿದೆ. ಅವರು ನಕ್ಕು ಬುಟ್ಟಿ ನನ್ನ ಕಡೆ ಸರಿಸಿದರು. ಸಂಜೆಯ ತನಕ ಕಾದು, ಅದೇ ಹೊತ್ತಿಗೆ ಮರಳುವ ದೋಣಿ ಹತ್ತಿದೆ. ಅಷ್ಟು ಸಲ ದಾಟಿದ್ದರೂ ಗಮನಿಸದಿದ್ದದ್ದನ್ನು ಆಗ ಗಮನಿಸಿದೆ. ಹತ್ತಿದವರೆಲ್ಲ ಇಳಿಯಬೇಕಾದ ದಡಕ್ಕೆ ಮುಖ ಮಾಡಿ ಕೂತರು. ಹಿಂದೆ ತಿರುಗಿ ಕೂರುವವರೇ ಇಲ್ಲ. ಬೇಗ ಇಳಿಯುವ ಅವಸರವೋ, ಬಿಟ್ಟ ದಡವನ್ನು ನೋಡುತ್ತ ಹೋಗಬಾರದೆಂಬ ಹಿರಿಯರ ಮಾತೋ, ಕಡವಿನ ರೂಢಿಯೇ ಹಾಗೆ. ದೋಣಿಯವನ ಮುಖ ನೋಡುವುದು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ನಡುವೆ ಅವನು ಬೆನ್ನ ಹಿಂದಿನ ಒಂದು ಸದ್ದು. ನಡುಹೊಳೆಯಲ್ಲಿ ಬೇಕೆಂದೇ ಕತ್ತು ತಿರುಗಿಸಿ ನೋಡಿದೆ. ಚೀಲಗಳು, ಕೊಡೆಗಳು, ಒಬ್ಬರ ತಲೆಯ ಮೇಲಿನ ಬುಟ್ಟಿ. ಗಳದ ಮೇಲ್ತುದಿ ಬಿಟ್ಟರೆ ಏನೂ ಕಾಣಲಿಲ್ಲ.

ಹಾಗಾದರೆ ಆ ಕೈಗಳು ಯಾರವು? ದಡಕ್ಕೆ ಬಿದ್ದ ಮೇಲೆ ನಮ್ಮನ್ನೆಲ್ಲ ಒಂದು ಚಪ್ಪರದ ಕೆಳಗೆ ಕೂರಿಸಿ ಬಿಸಿ ಕಾಫಿ ಕೊಟ್ಟಿದ್ದರು. ಸುತ್ತ ಜನ ಸೇರಿದ್ದರು. ‘ಗಳ ಬಿಟ್ಟನಂತೆ’ ಎಂದು ಯಾರೋ ಅಂದರು. ಇನ್ನೊಬ್ಬರು ಎರಡು ಕೈ ಮುಂದೆ ಚಾಚಿ, ಹೀಗೆ, ಎಂದು ಬೆರಳು ಬಿಚ್ಚಿ ತೋರಿಸಿದರು. ಆ ಬೆರಳುಗಳೇ ಇರಬೇಕು. ಇರಬೇಕು ಎನ್ನುತ್ತೇನೆ, ಏಕೆಂದರೆ ಇದೂ ನೆನಪೇ, ಇದನ್ನೂ ಎಷ್ಟು ನಂಬುವುದೋ ಗೊತ್ತಿಲ್ಲ. ಆದರೆ ‘ಬಿಟ್ಟನಂತೆ’ ಎಂದು ನನ್ನ ಕಿವಿಗೆ ಬಿದ್ದದ್ದು ಮೊದಲ ಕರಡಿನಲ್ಲಿ ‘ಬಿಟ್ಟರು’ ಆಗಿ, ಎರಡನೆಯದರಲ್ಲಿ ‘ಬಿಡುತ್ತಿದ್ದಾರೆ’ ಆಗಿ ನನ್ನ ಕಣ್ಣೊಳಗೆ ಬಂದು ಕೂತಿತ್ತು. ಸುಳ್ಳಿಗೆ ಜೀವ ಬಂದದ್ದು ವರ್ತಮಾನಕಾಲದಿಂದ. ಸುಳ್ಳು ಸಿಕ್ಕಿಬಿದ್ದದ್ದೂ ಅದರಿಂದಲೇ.

ಕಚೇರಿಗೆ ಮರಳಿದಾಗ ಸಂಪಾದಕರ ಎದುರು ವಿಚಾರಣೆಯ ಕಚೇರಿಯ ಗುಮಾಸ್ತರು ಕೂತಿದ್ದರು. ಲೇಖನ ಅಚ್ಚಾದ ಕೂಡಲೇ ಒಂದು ಪ್ರತಿ ಬೇಕಂತೆ. ಹೇಳಿಕೆಗಳ ಜೊತೆಗೆ ಇಡುತ್ತಾರಂತೆ.

“ಬಿ.ಎ. ಓದಿದವರು ಕಣ್ಣಾರೆ ಕಂಡು ಬರೆದದ್ದು ಅಂದರೆ ಸಾಹೇಬರಿಗೆ ಕೆಲಸ ಸುಲಭ ಆಗ್ತದೆ ನೋಡಿ,” ಎಂದು ನನ್ನನ್ನು ನೋಡಿ ನಕ್ಕು ಎದ್ದು ಹೋದರು. ಅಚ್ಚಿಗೆ ಎರಡು ದಿನವಿತ್ತು, ವಿಚಾರಣೆ ಅದರ ಬೆನ್ನಿಗೇ ಇತ್ತು.

ಸಂಪಾದಕರಿಗೆ ಎಲ್ಲ ಹೇಳಿದೆ. ಅವರು ಹಣೆ ಒತ್ತಿಕೊಂಡರು. “ಆ ವಾಕ್ಯ ತೆಗೆದರೆ ಲೇಖನದ ಬೆನ್ನೆಲುಬೇ ಹೋಯಿತು. ಏನಾದರೂ ಮಾಡು. ಆದರೆ ಓದುವವನ ಉಸಿರು ಕಟ್ಟಬೇಕು.”

ನಾನು ಮೊದಲು ಮಾಡಿದ್ದು ತಪ್ಪಿಸಿಕೊಳ್ಳುವ ಉಪಾಯ. ‘ನಾನು’ ಎಂಬುದನ್ನೇ ತೆಗೆದು ಇಡೀ ಬರಹವನ್ನು ‘ನೀವು’ ಎಂದು ತಿರುಗಿಸಿದೆ. ನೀವು ಹತ್ತುತ್ತೀರಿ, ನೀವು ಕೂರುತ್ತೀರಿ, ನಿಮ್ಮ ಬೆನ್ನ ಹಿಂದೆ ಗಳ ಜಾರುತ್ತದೆ. ಸಾಕ್ಷಿ ಹೇಳುವವನೇ ಇಲ್ಲದಿದ್ದರೆ ಸಾಕ್ಷಿಯೂ ಇಲ್ಲ ಎಂದು ನನ್ನ ಲೆಕ್ಕ. ಮೊಳೆ ಜೋಡಿಸುವವರ ಎದುರು ಓದಿ ತೋರಿಸಿದೆ. ಅವರು ಕೈಯಲ್ಲಿದ್ದ ಮೊಳೆ ಕೆಳಗಿಟ್ಟು ಕೇಳಿದರು.

“ಹತ್ತುವಲ್ಲಿ ಚೆಂದ ಉಂಟು. ಚಪ್ಪಲಿ ಕೈಯಲ್ಲಿ ಹಿಡಿಯುವುದು, ಪಂಚೆ ಎತ್ತುವುದು, ಎಲ್ಲ ನಾನೇ ಮಾಡಿದ ಹಾಗೆ. ಮುಳುಗುವಲ್ಲಿ ಮಾತ್ರ... ನಾನು ಮುಳುಗಲಿಲ್ಲ ಮಾರಾಯ್ರೆ. ನನ್ನನ್ನು ಯಾಕೆ ನೀರಿಗೆ ದೂಡ್ತೀರಿ?”

ನಗು ಬಂತು, ಆದರೆ ಅವರು ಮುಟ್ಟಿದ್ದು ನೋಯುವ ಜಾಗವನ್ನೇ. ಹತ್ತುವ ಭಾಗದಲ್ಲಿ ‘ನೀವು’ ನಿಜವಾಗಿತ್ತು. ಈ ಊರಿನಲ್ಲಿ ಆ ಹೊಳೆ ದಾಟದವರು ಕಡಿಮೆ. ಎಲ್ಲರೂ ಹಾಗೆಯೇ ಹತ್ತುತ್ತಾರೆ, ಹಾಗೆಯೇ ಕೂರುತ್ತಾರೆ. ಅಲ್ಲಿ ನನ್ನ ಅನುಭವ ನನ್ನೊಬ್ಬನದಲ್ಲ. ಹಂಚಿಕೊಂಡದ್ದನ್ನು ‘ನೀವು’ ಎನ್ನಬಹುದು. ಮಗುಚಿದ ಮೇಲಿನದು ನನ್ನದು. ಅದನ್ನು ಓದುವವನ ತಲೆಗೆ ಕಟ್ಟಿದರೆ, ಅವನು ‘ನಾನಲ್ಲ’ ಎಂದು ಪುಟ ಮಡಿಸುತ್ತಾನೆ. ಇನ್ನು ಗಳದ ಭಾಗ ಎಲ್ಲಕ್ಕಿಂತ ಕೆಟ್ಟದ್ದು. ನನಗೆ ಗೊತ್ತಿಲ್ಲದ್ದನ್ನು ಓದುವವನ ಹೆಸರಿನಲ್ಲಿ ಬರೆದಿದ್ದೆ. ಗಳ ಜಾರಿತು ಎಂದು ನೋಡದೆಯೇ ಹೇಳುವ ಹೊಣೆಯನ್ನು ಅವನ ಮೇಲೆ ಹೊರಿಸಿದ್ದೆ. ಬ್ಯಾರಿಗೆ ಅದರಿಂದ ಏನೂ ಉಪಕಾರವಿರಲಿಲ್ಲ. ಗುಮಾಸ್ತರು ‘ನೀವು’ ಇದ್ದಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತಿದ್ದರು, ಅಷ್ಟೆ.

ಆಗ ನಿರ್ಧರಿಸಿದೆ. ಒಂದೇ ಕಾಲ, ಒಂದೇ ಪುರುಷ ಎಂಬ ಹಟ ಬಿಡುವುದು. ಯಾವುದನ್ನು ಹೇಗೆ ಬಲ್ಲೆನೋ ಅದನ್ನು ಹಾಗೆಯೇ ಬರೆಯುವುದು. ಹೊಸ ಹಾಳೆ ತೆಗೆದು ಪ್ರತಿ ವಾಕ್ಯದ ಎದುರೂ ಒಂದೇ ಪ್ರಶ್ನೆ ಇಟ್ಟೆ: ಇದು ಎಲ್ಲರಿಗೂ ಗೊತ್ತಿರುವುದೇ, ನನ್ನ ಮೈಗೆ ಗೊತ್ತಿರುವುದೇ, ಕೇಳಿ ಗೊತ್ತಾದದ್ದೇ?

ಹತ್ತುವ ಭಾಗ ‘ನೀವು’ ಆಗಿಯೇ ಉಳಿಯಿತು. ‘ನೀವು ಚಪ್ಪಲಿ ಕೈಯಲ್ಲಿ ಹಿಡಿಯುತ್ತೀರಿ, ಪಂಚೆ ಮೊಣಕಾಲಿನ ಮೇಲಕ್ಕೆ ಎತ್ತುತ್ತೀರಿ, ಹಲಗೆಯ ಮೇಲೆ ಜಾಗ ಸಿಕ್ಕಿದ ಕೂಡಲೇ ಪೇಟೆಯ ದಡಕ್ಕೆ ಮುಖ ಮಾಡುತ್ತೀರಿ. ದೋಣಿಯವರನ್ನು ನೀವು ಮತ್ತೆ ನೋಡುವುದು ಇಳಿಯುವಾಗ.’ ಇಲ್ಲಿ ರೂಢಿಯ ಅರ್ಥ ಬರುವ ಕ್ರಿಯಾಪದವೇ ಬೇಕಾಗಿತ್ತು. ಮೊದಲು ಅಡ್ಡ ಬಂದದ್ದು ಈಗ ಕೆಲಸಕ್ಕೆ ಬಂತು.

ನೀರಿನೊಳಗಿನ ಭಾಗ ವರ್ತಮಾನದಲ್ಲೇ ಉಳಿಯಿತು. ಅಲ್ಲಿ ಮಾತ್ರ ಇನ್ನೊಂದು ‘ನೀನು’ ತಾನಾಗಿ ಬಂತು. ಅದು ಓದುವವನಲ್ಲ. ಹಲಗೆಗೆ ಜೋತುಬಿದ್ದಾಗ ನಾನು ನನ್ನೊಡನೆ ಮಾತಾಡುತ್ತಿದ್ದೆ, ಮಗುವಿಗೆ ಹೇಳುವ ಹಾಗೆ. ‘ಬಾಯಿ ಮುಚ್ಚು. ಹಲಗೆ ಬಿಡಬೇಡ. ಕಾಲಿಗೆ ಸುತ್ತಿಕೊಂಡದ್ದು ಬಟ್ಟೆ, ಹಾವಲ್ಲ. ನೀನು ಇನ್ನೂ ಯೋಚಿಸುತ್ತಿದ್ದೀ, ಅಂದರೆ ಸತ್ತಿಲ್ಲ.’ ಕಾಲಿಗೆ ಸುತ್ತಿಕೊಂಡದ್ದು ಮುದುಕರ ಗಂಟಿನಿಂದ ಬಿಚ್ಚಿಕೊಂಡ ಸೀರೆ ಎಂದು ಆ ಗಳಿಗೆಯಲ್ಲಿ ಗೊತ್ತಿರಲಿಲ್ಲ. ಆದ್ದರಿಂದ ಅಲ್ಲಿ ಬರೆಯಲಿಲ್ಲ.

ಈ ಎರಡರ ನಡುವೆ, ದೋಣಿ ಮಗುಚುವ ಗಳಿಗೆಯಲ್ಲಿ, ನಾನು ಭೂತಕಾಲಕ್ಕೆ ಮರಳಿದೆ. ಕಟ್ಟಿದ ಉಸಿರನ್ನು ಬೇಕೆಂದೇ ಬಿಟ್ಟೆ. ‘ದೋಣಿ ಹೇಗೆ ತಿರುಗಿತೆಂದು ನಾನು ನೋಡಲಿಲ್ಲ. ನನ್ನ ಮುಖ ಪೇಟೆಯ ದಡಕ್ಕೆ ಇತ್ತು. ನನ್ನ ಜೊತೆ ಕೂತಿದ್ದವರ ಮುಖಗಳೂ ಆ ಕಡೆಗೇ ಇದ್ದವು. ದೋಣಿಯವರು ಗಳ ಬಿಟ್ಟರೆಂದು ನಾನು ಕೇಳಿದ್ದು ದಡಕ್ಕೆ ಬಂದ ಮೇಲೆ, ನೀರಿಗೆ ಬೀಳದವರ ಬಾಯಿಂದ.’

ಸಂಪಾದಕರು ಇದನ್ನು ಓದುವಾಗ ಹಿಂದಿನ ಕೋಣೆಯಲ್ಲಿ ಹಳೆಯ ಕರಡಿನ ಪುಟಗಳನ್ನು ಚೌಕಟ್ಟಿಗೆ ಬಿಗಿದು ಅಚ್ಚಿಗೆ ಸಿದ್ಧ ಮಾಡಿ ಆಗಿತ್ತು.

“ಏರಿ ಏರಿ ಹೋಗುವಲ್ಲಿ ನಡುವೆ ತಣ್ಣೀರು ಸುರಿದಿದ್ದೀಯಲ್ಲ,” ಎಂದರು. “ಮೂರು ಥರ ಆಯ್ತು ಇದು. ಓದುವವನು ಗೊಂದಲಕ್ಕೆ ಬೀಳ್ತಾನೆ.”

“ಬೀಳಬೇಕು ಸಾರ್. ಅಲ್ಲಿ ನಾನೂ ಬಿದ್ದೆ.”

“ಪುಟ ಕಟ್ಟಿ ಆಗಿದೆ.”

“ಬಿಚ್ಚಿಸಿ. ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ, ನಾಳೆಯಿಂದ ನಾನು ಬರುವುದಿಲ್ಲ.” ಹೇಳಿದ ಮೇಲೆ ಹೆದರಿಕೆಯಾಯಿತು. ಆ ಕೆಲಸ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ.

ಅವರು ಹಾಳೆಗಳನ್ನು ಮೇಜಿಗೆ ಕುಟ್ಟಿ ಸರಿ ಮಾಡಿದರು. ಆಮೇಲೆ, “ದೊಡ್ಡ ಮಾತು ಆಡಬೇಡ,” ಎಂದು ಗದರಿ, ಒಳಗೆ ಕೂಗಿದರು: “ಆ ಪುಟ ಬಿಚ್ಚಿ ಹಾಕಿ.”

ಒಳಗಿನಿಂದ ಬಂದ ತುಳು ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅವರು ಊಟಕ್ಕೂ ಏಳದೆ ಜೋಡಿಸಿದರು. ನಾನು ಪಕ್ಕದಲ್ಲಿ ನಿಂತು ಬಿಚ್ಚಿದ ಮೊಳೆಗಳನ್ನು ಅವುಗಳ ಮನೆಗೆ ಹಾಕುತ್ತ ಹೋದೆ. ಅರ್ಧದಷ್ಟು ತಪ್ಪು ಮನೆಗೆ ಹಾಕಿದೆನೆಂದು ಮುಂದಿನ ಸಂಚಿಕೆಯವರೆಗೂ ಹೇಳಿಸಿಕೊಂಡೆ. ಪತ್ರಿಕೆ ಒಂದು ದಿನ ತಡವಾಗಿ, ವಿಚಾರಣೆಯ ಹಿಂದಿನ ಸಂಜೆ ಹೊರಬಂತು.

ವಿಚಾರಣೆಯ ಕೋಣೆಯಲ್ಲಿ ಸೆಕೆ ತಡೆಯುವಂತಿರಲಿಲ್ಲ. ಬ್ಯಾರಿ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ಅವರ ಹಿಂದೆ ಹೆಂಡತಿಯ ಅಣ್ಣನೋ ಯಾರೋ ಒಬ್ಬರು. ನನ್ನ ಸರದಿ ಬಂದಾಗ ಅಧಿಕಾರಿಗಳ ಕೈಯಲ್ಲಿ ಪತ್ರಿಕೆ ಇತ್ತು.

“ನೀರಿನಲ್ಲಿ ಇದ್ದದ್ದನ್ನು ಈಗ ನಡೆಯುತ್ತಿದೆ ಎಂಬಂತೆ ಬರೆದಿದ್ದೀರಿ. ದೋಣಿ ಮಗುಚಿದ್ದನ್ನು ಹಾಗೆ ಬರೆದಿಲ್ಲ. ಯಾಕೆ?”

“ನೀರಿನಲ್ಲಿ ಏನಾಯಿತೆಂದು ನನಗೆ ಗೊತ್ತು. ಮಗುಚಿದ್ದು ಹೇಗೆಂದು ಗೊತ್ತಿಲ್ಲ.”

“ಈತ ಗಳ ಬಿಟ್ಟದ್ದನ್ನು ನೋಡಿದಿರಾ?”

“ಇಲ್ಲ.”

“ಬಿಡಲಿಲ್ಲ ಎಂದು ಹೇಳಬಲ್ಲಿರಾ?”

ಬ್ಯಾರಿ ನನ್ನನ್ನೇ ನೋಡುತ್ತಿದ್ದುದು ಕಣ್ಣಂಚಿಗೆ ಕಾಣುತ್ತಿತ್ತು. ಹೌದು ಎಂದುಬಿಡುವ ಆಸೆಯಾಯಿತು. ಒಂದು ಸುಳ್ಳನ್ನು ತೆಗೆದದ್ದಕ್ಕೆ ಪ್ರತಿಯಾಗಿ ಇನ್ನೊಂದನ್ನು, ಒಳ್ಳೆಯದನ್ನು, ಕೊಟ್ಟುಬಿಡೋಣ ಎನಿಸಿತು.

“ಇಲ್ಲ. ಅದನ್ನೂ ಹೇಳಲಾರೆ.”

ಅಧಿಕಾರಿಗಳು ಆ ಪುಟದ ಮೇಲೆ ಬೆರಳಿಟ್ಟುಕೊಂಡೇ, ಆಗಲೇ ಹೇಳಿಕೆ ಕೊಟ್ಟು ಕೂತಿದ್ದವರನ್ನು ಒಬ್ಬೊಬ್ಬರಾಗಿ ಮತ್ತೆ ಎಬ್ಬಿಸಿದರು. ನೀವು ಎಲ್ಲಿ ಕೂತಿದ್ದಿರಿ, ಮುಖ ಯಾವ ಕಡೆಗಿತ್ತು? ಒಬ್ಬರು ಕೋಪದಿಂದ, “ಮುಖ ಪೇಟೆಗೇ ಅಲ್ವಾ ಸಾರ್, ಮತ್ತೆ ಎಲ್ಲಿಗೆ?” ಎಂದರು. ಹೇಳಿದ ಮೇಲೆ ಅವರಿಗೇ ಹೊಳೆದು ಕೂತುಬಿಟ್ಟರು. ಗಳ ಬಿಟ್ಟದ್ದನ್ನು ಕಂಡೆವೆಂದು ಬೆಳಗ್ಗೆ ಹೇಳಿದವರಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವರು ಒಬ್ಬರೂ ಸಿಗಲಿಲ್ಲ.

ತೀರ್ಪು ಬರಲು ಕೆಲವು ವಾರ ಹಿಡಿಯಿತು. ತಪ್ಪು ದೋಣಿಯವರದೆನ್ನಲು ಸಾಕ್ಷಿ ಸಾಲದು, ಇನ್ನು ಮುಂದೆ ಸೆಳೆತದ ದಿನಗಳಲ್ಲಿ ಜನ ಕಡಿಮೆ ಹತ್ತಿಸಬೇಕು, ಪರವಾನಿಗೆ ಹಿಂದಕ್ಕೆ ಕೊಡುವುದು. ಅದನ್ನು ಪಡೆದ ದಿನವೇ ಬ್ಯಾರಿ ನಮ್ಮ ಜಗಲಿಗೆ ಬಂದರು. ಉಪಕಾರ ಹೇಳಲು ಬಂದರೆಂದು ನಾನು ಎದ್ದು ನಿಂತೆ. ಅವರು ಕೂತುಕೊಂಡರು.

“ಓದಿ,” ಎಂದರು. “ಎಲ್ಲರೂ ಓದಿದ್ದಾರೆ. ನನಗೆ ಓದ್ಲಿಕ್ಕೆ ಬರುದಿಲ್ಲ.”

ಓದಿದೆ. ಹತ್ತುವ ಭಾಗಕ್ಕೆ ತಲೆಯಾಡಿಸಿದರು. ನೀರಿನ ಭಾಗ ಬಂದಾಗ, “ಇದು ಯಾರಿಗೆ ಹೇಳುವುದು, ಬಾಯಿ ಮುಚ್ಚು ಅಂತ?” ಎಂದು ಕೇಳಿದರು.

“ನನಗೇ.”

“ಹ್ಞಾ. ನಾನೂ ಹೇಳಿಕೊಂಡೆ. ನಮ್ಮ ಭಾಷೆಯಲ್ಲಿ.” ಆಮೇಲೆ, “ನಡುವಿನದು ಇನ್ನೊಮ್ಮೆ ಓದಿ.”

ನಾನು ನೋಡಲಿಲ್ಲ ಎಂಬ ಭಾಗವನ್ನು ಮತ್ತೆ ಓದಿದೆ. ಅವರು ಮೆಟ್ಟಿಲು ನೋಡುತ್ತ ಕೇಳಿದರು.

“ನಾನು ಬಿಡಲಿಲ್ಲ ಅಂತ ಇದರಲ್ಲಿ ಇಲ್ಲ ಅಲ್ವಾ?”

“ಇಲ್ಲ.”

“ಅಂಗಡಿಯಲ್ಲಿ ಈಗಲೂ ಬಿಟ್ಟ ಅಂತಲೇ ಹೇಳ್ತಾರೆ. ಪೇಪರಿನಲ್ಲಿ ಬಿಡಲಿಲ್ಲ ಅಂತ ಉಂಟಾ ಅಂತ ನನ್ನನ್ನೇ ಕೇಳ್ತಾರೆ.”

ಅವರು ಎದ್ದು, ಹೆಗಲ ಬಟ್ಟೆ ಕೊಡವಿ, ಎರಡು ಮೆಟ್ಟಿಲು ಇಳಿದು ತಿರುಗಿದರು.

“ನೋಡಲಿಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಇಷ್ಟೆಲ್ಲ ಬರೀಬೇಕಾಯ್ತಾ ಸ್ವಾಮಿ?”

“ಆಯ್ತು,” ಎಂದೆ.

ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನೀರು ಏರುವ ಮೊದಲು ದಡ ಸೇರಬೇಕು, ಇವತ್ತು ದೋಣಿ ಇಳಿಸುವ ದಿನ ಎಂದು ಹೇಳಿ, ಓಣಿಯಲ್ಲಿ ಬೇಗ ಬೇಗ ನಡೆದು ಹೋದರು.